ಮೇಲಿನ ಮನೆಗೆ ಒಂದು ಚೀಟಿ: ಎಂಟರಿಂದ ಒಂಬತ್ತೂವರೆ

ಪ್ರಶ್ನೆ: ಹಾಸನದಲ್ಲಿ ಕೆಳಗಿನ ಮನೆ ಬಾಡಿಗೆಗೆ ಇದ್ದೇವೆ. ಪಾಪುಗೆ ಎರಡೂವರೆ ತಿಂಗಳು. ಸಂಜೆ ಏಳರಿಂದ ಹತ್ತರ ತನಕ ಮೇಲಿನ ಮನೆಯಲ್ಲಿ ಕುರ್ಚಿ ಎಳೆಯೋದು, ಮಕ್ಕಳು ಓಡೋದು, ಕೆಲವು ದಿನ ಗ್ರೈಂಡರ್. ಆಗತಾನೆ ಮಲಗಿಸಿದ ಮಗು ಬೆಚ್ಚಿ ಎದ್ದುಬಿಡುತ್ತೆ. ನಮ್ಮ ಯಜಮಾನರು ಒಂದು ಸಲ ಮೆಟ್ಟಿಲ ಹತ್ತಿರ ಹೇಳಿದ್ದಕ್ಕೆ, 'ಮಕ್ಕಳಿರೋ ಮನೆ, ಏನು ಮಾಡೋಕಾಗುತ್ತೆ' ಅಂದರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗೋರು, ಕೈಗೆ ಸಿಗೋದೇ ಕಮ್ಮಿ. ಮನಸ್ತಾಪ ಆಗದ ಹಾಗೆ ಒಂದು ಚೀಟಿ ಬರೆದು ಕೊಡೋಣ ಅಂತಿದ್ದೇವೆ. ಹೇಗೆ ಬರೆಯೋದು?

ಉತ್ತರ: ಪೆನ್ನು ಹಿಡಿಯುವ ಮೊದಲು ಕೇಳುವ ಹೊತ್ತನ್ನು ಚಿಕ್ಕದು ಮಾಡಿಕೊಳ್ಳಿ. ಏಳರಿಂದ ಹತ್ತು ಅಂದರೆ ದಿನಕ್ಕೆ ಮೂರು ಗಂಟೆ. ಕೆಲಸ ಮುಗಿಸಿ ಆರೂವರೆಗೆ ಮನೆಗೆ ಬಂದವರಿಗೆ ಅಡುಗೆ, ಊಟ, ಮಕ್ಕಳ ಹೋಂವರ್ಕ್, ಪಾತ್ರೆ, ನಾಳೆಯ ಹಿಟ್ಟು ಎಲ್ಲ ಆಗಬೇಕಾದದ್ದು ಅದೇ ಮೂರು ಗಂಟೆಯಲ್ಲಿ. ಅಷ್ಟನ್ನೂ ಕೇಳಿದರೆ ಅವರು ಒಪ್ಪಿದರೂ ನಡೆಸಿಕೊಡಲು ಆಗುವುದಿಲ್ಲ. ಅದೃಷ್ಟಕ್ಕೆ ನಿಮಗೆ ಅಷ್ಟು ಬೇಕಾಗಿಯೂ ಇಲ್ಲ. ಅದು ಮಗುವಿನ ನಿದ್ದೆಯ ರೀತಿಯಿಂದಲೇ ಗೊತ್ತಾಗುತ್ತದೆ.

ದೊಡ್ಡವರು ಮಲಗಿದ ಸ್ವಲ್ಪ ಹೊತ್ತಿಗೆ ಗಾಢ ನಿದ್ದೆಗೆ ಇಳಿಯುತ್ತಾರೆ. ಮೂರು ತಿಂಗಳೊಳಗಿನ ಮಗು ಹಾಗಲ್ಲ. ಅದು ನಿದ್ದೆಗೆ ಹೋಗುವುದೇ ಹಗುರ ನಿದ್ದೆಯ ಬಾಗಿಲಿನಿಂದ. ರೆಪ್ಪೆಯ ಕೆಳಗೆ ಕಣ್ಣು ಆಡುತ್ತಿರುತ್ತದೆ, ತುಟಿ ಕದಲುತ್ತದೆ, ಉಸಿರು ಏರುಪೇರಾಗಿರುತ್ತದೆ, ಕೈಕಾಲು ಆಗಾಗ ಜಗ್ಗುತ್ತವೆ. ಇದು ಸುಮಾರು 20 ನಿಮಿಷ ನಡೆಯುತ್ತದೆ. ಆಮೇಲೆ ಉಸಿರು ಒಂದೇ ಸಮನಾಗಿ, ಮುಷ್ಟಿ ಸಡಿಲವಾಗಿ, ಎತ್ತಿದ ಕೈ ತಾನೇ ಕೆಳಗೆ ಬೀಳುವಂಥ ಗಟ್ಟಿ ನಿದ್ದೆ. ಹೀಗೆ ಹಗುರ, ಗಟ್ಟಿ ಸೇರಿ ಒಂದು ಸುತ್ತು 50ರಿಂದ 60 ನಿಮಿಷ. ಸುತ್ತು ಮುಗಿದಾಗ ಮಗು ಮತ್ತೆ ಮೇಲಕ್ಕೆ ಬರುತ್ತದೆ. ಆಗ ಅಡ್ಡಿಯಿಲ್ಲದಿದ್ದರೆ ತಾನೇ ಮುಂದಿನ ಸುತ್ತಿಗೆ ಜಾರಬಹುದು.

ಅಂದರೆ ಎಂಟಕ್ಕೆ ಮಲಗಿಸಿದ ಮಗುವಿಗೆ ಸದ್ದು ತಟ್ಟುವ ಜಾಗ ಮುಖ್ಯವಾಗಿ ಎರಡು: ಎಂಟರಿಂದ ಎಂಟೂ ಇಪ್ಪತ್ತೈದರ ತನಕ ಒಂದು, ಒಂಬತ್ತರ ಆಸುಪಾಸಿನಲ್ಲಿ ಇನ್ನೊಂದು. ಇದರ ಮೇಲೆ ಈ ವಯಸ್ಸಿನಲ್ಲಿ ಬೆಚ್ಚುವ ಪ್ರತಿವರ್ತನೆಯೂ ಇರುತ್ತದೆ. ಫಟ್ ಎಂದರೆ ಎರಡೂ ಕೈ ಅಗಲಿಸಿ, ಬೆರಳು ಬಿಚ್ಚಿ, ಅತ್ತುಬಿಡುವುದು. ವೈದ್ಯರು ಇದನ್ನು ಮೋರೋ ರಿಫ್ಲೆಕ್ಸ್ ಎನ್ನುತ್ತಾರೆ. ಇದು ಕಾಯಿಲೆಯಲ್ಲ, ದೃಷ್ಟಿಯೂ ಅಲ್ಲ; ಮೂರರಿಂದ ಆರು ತಿಂಗಳೊಳಗೆ ತಾನಾಗಿಯೇ ಮಾಯವಾಗುತ್ತದೆ. ಹೀಗಾಗಿ ನಿಮ್ಮ ಮನವಿಗೆ ದಿನದ ಗಡಿಯೂ ಸಿಕ್ಕಿತು, ತಿಂಗಳ ಗಡಿಯೂ ಸಿಕ್ಕಿತು. ಎಂಟರಿಂದ ಒಂಬತ್ತೂವರೆ, ಯುಗಾದಿಯ ತನಕ. ಈಗ ಡಿಸೆಂಬರ್ ಶುರು. ಯುಗಾದಿ ಹೊತ್ತಿಗೆ ಪಾಪು ಆರು ತಿಂಗಳ ಹತ್ತಿರ ಬಂದಿರುತ್ತದೆ. 'ಮಗು ದೊಡ್ಡದಾಗುವ ತನಕ' ಎಂದು ಬರೆದರೆ ಓದುವವರಿಗೆ ಅದು ಮೂರು ವರ್ಷದಂತೆ ಕಾಣುತ್ತದೆ. 'ಯುಗಾದಿ ತನಕ' ಎಂದರೆ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದ ದಿನ.

ಹಗಲಿನ ಸದ್ದಿನ ಬಗ್ಗೆ ಒಂದಕ್ಷರವೂ ಬರೆಯಬೇಡಿ. ಮಗುವಿಗೆ ಹಗಲು ಯಾವುದು, ರಾತ್ರಿ ಯಾವುದು ಎಂಬುದು ಕೂಡಿಬರುವುದು ಎರಡರಿಂದ ನಾಲ್ಕು ತಿಂಗಳ ಈ ಅವಧಿಯಲ್ಲೇ. ಹಗಲು ಬೆಳಕು, ಮಾತು, ಕುಕ್ಕರ್ ಸೀಟಿ ಎಲ್ಲ ಇದ್ದು ರಾತ್ರಿ ಕತ್ತಲೆ ಮತ್ತು ಮೌನ ಇದ್ದರೆ ಅದಕ್ಕೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಎಣ್ಣೆನೀರು ಹಾಕಿಸಿಕೊಂಡು ಬೆಳಗ್ಗೆ ಮಲಗುವ ನಿದ್ದೆ ಹೇಗೂ ಗಟ್ಟಿಯಾಗಿಯೇ ಇರುತ್ತದೆ. ಅದಕ್ಕೆ ಮೇಲಿನ ಮನೆಯ ನೆರವು ಬೇಡ.

ಇನ್ನು ಸದ್ದಿನ ವಿಷಯ. ಇದನ್ನು ತಿಳಿದುಕೊಂಡರೆ ಚೀಟಿಯ ಧಾಟಿಯೇ ಬದಲಾಗುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ನಾಲ್ಕೈದು ಇಂಚಿನ ಆರ್‌ಸಿಸಿ ಸ್ಲ್ಯಾಬು, ಅದರ ಮೇಲೆ ಸಿಮೆಂಟಿನಲ್ಲಿ ಅಂಟಿಸಿದ ವಿಟ್ರಿಫೈಡ್ ಟೈಲು ಅಥವಾ ಗ್ರಾನೈಟು. ಗಾಳಿಯಲ್ಲಿ ಬರುವ ಸದ್ದನ್ನು, ಅಂದರೆ ಮಾತು, ಟಿವಿ ಇಂಥದ್ದನ್ನು, ಈ ಭಾರವಾದ ಸ್ಲ್ಯಾಬು ಚೆನ್ನಾಗಿಯೇ ತಡೆಯುತ್ತದೆ. ಅವರ ಮಾತು ನಿಮಗೆ ಕೇಳಿಸುತ್ತಿದ್ದರೆ ಅದು ಬಹುಪಾಲು ಕಿಟಕಿಯಿಂದ ಬರುತ್ತಿದೆ, ಕಿಟಕಿ ಮುಚ್ಚಿದರೆ ಕಮ್ಮಿಯಾಗುತ್ತದೆ. ಆದರೆ ನೆಲಕ್ಕೆ ನೇರವಾಗಿ ತಾಗುವ ಪೆಟ್ಟು ಬೇರೆ ಜಾತಿ. ಕುರ್ಚಿಯ ಕಾಲು ಟೈಲಿನ ಮೇಲೆ ಉಜ್ಜಿದಾಗ, ಲಟ್ಟಣಿಗೆ ಬಿದ್ದಾಗ, ಮಗು ಹಿಮ್ಮಡಿಯಲ್ಲಿ ಓಡಿದಾಗ ಸ್ಲ್ಯಾಬೇ ಅದುರುತ್ತದೆ. ನಿಮ್ಮ ಮೇಲ್ಛಾವಣಿ ಇಡಿಯಾಗಿ ಡೋಲಿನ ಚರ್ಮದ ಹಾಗೆ ಕೆಲಸ ಮಾಡುತ್ತದೆ. ಮೇಲೆ ಕುರ್ಚಿ ಎಳೆದವರಿಗೆ 'ಸರ್' ಎಂದು ಕೇಳಿದ್ದು ಕೆಳಗೆ 'ಗರ್ರ್' ಎಂದು ಇಳಿಯುತ್ತದೆ.

ಇದರಿಂದ ಎರಡು ಮಾತು ಹೊರಡುತ್ತವೆ. ಮೊದಲನೆಯದು, ಮೇಲಿನವರಿಗೆ ತಾವು ಸದ್ದು ಮಾಡುತ್ತಿದ್ದೇವೆಂದು ನಿಜವಾಗಿಯೂ ಗೊತ್ತಿರುವುದಿಲ್ಲ. 'ಏನು ಮಾಡೋಕಾಗುತ್ತೆ' ಎಂದ ಮಾತನ್ನು ಉಡಾಫೆ ಎಂದು ಓದಬೇಡಿ. 'ಸದ್ದು ಕಮ್ಮಿ ಮಾಡಿ' ಎಂದಷ್ಟೇ ಕೇಳಿದರೆ ಯಾವ ಸದ್ದು ಎಂದು ಅವರಿಗೆ ಹೊಳೆಯುವುದೇ ಇಲ್ಲ, ಮಕ್ಕಳ ಮೇಲೆ ದೂರು ಬಂತು ಎಂದುಕೊಳ್ಳುತ್ತಾರೆ. ಎರಡನೆಯದು, ಕೆಳಗಿನಿಂದ ಇದನ್ನು ತಡೆಯುವುದು ಸುಲಭವಲ್ಲ. ಛಾವಣಿಗೆ ಥರ್ಮಾಕೋಲ್ ಅಂಟಿಸುವುದು, ಮೊಟ್ಟೆ ಟ್ರೇ ಹೊಡೆಯುವುದು, ದಪ್ಪ ಪರದೆ ಹಾಕುವುದು ಇವಕ್ಕೆಲ್ಲ ದುಡ್ಡು ಹಾಕಬೇಡಿ. ಅವು ಕೋಣೆಯೊಳಗಿನ ಪ್ರತಿಧ್ವನಿಯನ್ನು ಸ್ವಲ್ಪ ಹೀರಬಹುದೇ ಹೊರತು ಸ್ಲ್ಯಾಬಿನ ಅದುರನ್ನು ನಿಲ್ಲಿಸುವುದಿಲ್ಲ. ಮೇಲೆ, ಕುರ್ಚಿಯ ಕಾಲಿಗೂ ಟೈಲಿಗೂ ನಡುವೆ, ಐದು ಮಿಲಿಮೀಟರ್ ರಬ್ಬರ್ ಇಟ್ಟರೆ ಆಗುವ ಕೆಲಸ ಕೆಳಗೆ ಸಾವಿರಾರು ರೂಪಾಯಿ ಸುರಿದರೂ ಆಗದು.

ಹಾಗಾಗಿ ಚೀಟಿಗೆ ಮುಂಚೆ ಐದು ರಾತ್ರಿ ಬರೆದಿಟ್ಟುಕೊಳ್ಳುವ ಕೆಲಸವಿದೆ. ಒಂದು ಹಳೆ ಡೈರಿ ಸಾಕು. ಮಗು ಎದ್ದ ಹೊತ್ತು, ಅದಕ್ಕೆ ಸ್ವಲ್ಪ ಮೊದಲು ಕೇಳಿದ ಸದ್ದು ಯಾವುದು, ಅದು ಯಾವ ಕೋಣೆಯ ಮೇಲಿಂದ ಬಂತು, ಎತ್ತಿಕೊಂಡ ಮೇಲೆ ಹಾಲು ಕುಡಿಯಿತಾ ಇಲ್ಲವಾ. ಈ ಕೊನೆಯದನ್ನು ಬಿಡಬೇಡಿ. ಎರಡೂವರೆ ತಿಂಗಳ ಮಗು ಹಸಿವಿಗೆ ಎರಡು ಮೂರು ಗಂಟೆಗೊಮ್ಮೆ ಏಳುವುದು ಸಹಜ. ಎದ್ದದ್ದೆಲ್ಲವನ್ನೂ ಮೇಲಿನ ಮನೆಯ ಲೆಕ್ಕಕ್ಕೆ ಬರೆದರೆ, ಸದ್ದು ನಿಂತ ಮೇಲೂ ಮಗು ಏಳುತ್ತಲೇ ಇರುತ್ತದೆ, ಆಗ ಮುಜುಗರ ನಿಮ್ಮದೇ. ಸದ್ದಾದ ಒಂದೆರಡು ನಿಮಿಷದಲ್ಲಿ ಕೈ ಅಗಲಿಸಿ ಬೆಚ್ಚಿ ಎದ್ದು, ಎದೆಗೆ ಹಾಕಿಕೊಂಡರೆ ನಾಲ್ಕು ಗುಟುಕು ಕುಡಿದು ಬಿಟ್ಟುಬಿಟ್ಟರೆ ಅದು ಸದ್ದಿನಿಂದ ಎದ್ದದ್ದು. ಸದ್ದಿಲ್ಲದೆ ಎದ್ದು, ತಲೆ ಆಚೀಚೆ ಹೊರಳಿಸಿ ಬಾಯಿ ಹುಡುಕಿ, ಹೊಟ್ಟೆ ತುಂಬ ಕುಡಿದರೆ ಅದು ಹಸಿವು.

ಒಂದು ಲೆಕ್ಕ ಹಾಕಿ ನೋಡೋಣ. ಐದು ರಾತ್ರಿಯಲ್ಲಿ ಎಂಟರಿಂದ ಹತ್ತರೊಳಗೆ ಮಗು ಹನ್ನೊಂದು ಸಲ ಎದ್ದಿತು ಅಂದುಕೊಳ್ಳಿ. ಅದರಲ್ಲಿ ನಾಲ್ಕು ಹಸಿವಿನದು. ಐದು ಸಲ ಕುರ್ಚಿ ಎಳೆದದ್ದು, ಎಲ್ಲವೂ ಎಂಟೂಕಾಲರಿಂದ ಒಂಬತ್ತರೊಳಗೆ, ಅಂದರೆ ಅವರ ಊಟದ ಹೊತ್ತು. ಒಂದು ಸಲ ಗ್ರೈಂಡರ್, ಶುಕ್ರವಾರ. ಮಕ್ಕಳ ಓಟ ದಿನವೂ ಇದ್ದರೂ ಹೆಚ್ಚಿನ ದಿನ ಏಳೂವರೆಗೆ ಮುಗಿಯುತ್ತಿದೆ, ಅದರಿಂದ ಎದ್ದದ್ದು ಒಂದೇ ಸಲ, ಓಟ ಎಂಟು ದಾಟಿದ ದಿನ. ನಿಮ್ಮ ಮನಸ್ಸಿನಲ್ಲಿ ದೊಡ್ಡದಾಗಿ ಕೂತಿದ್ದದ್ದು ಮಕ್ಕಳ ಓಟ. ಡೈರಿ ಹೇಳುತ್ತಿರುವುದು ಊಟದ ಮೇಜಿನ ಕುರ್ಚಿ. ಇದು ತುಂಬ ಮನೆಗಳಲ್ಲಿ ಹೀಗೇ ಆಗುತ್ತದೆ, ಏಕೆಂದರೆ ಓಟದ ಸದ್ದು ನಮಗೆ ಸಿಟ್ಟು ತರಿಸುತ್ತದೆ, ಕುರ್ಚಿಯ ಸದ್ದು ಮಗುವನ್ನು ಎಬ್ಬಿಸುತ್ತದೆ. ಒಂದೇ ಸಮ ಇರುವ ಸದ್ದಿಗೆ ಮಗು ಹೊಂದಿಕೊಳ್ಳುತ್ತದೆ. ಮೌನದ ನಡುವೆ ತಟ್ಟನೆ ಬರುವುದಕ್ಕೆ ಬೆಚ್ಚುತ್ತದೆ. ಚೀಟಿಯಲ್ಲಿ ಮಕ್ಕಳ ಹೆಸರೆತ್ತುವ ಅಗತ್ಯವೇ ಇಲ್ಲವಾಯಿತು. ಇದು ನಿಮಗೆ ದೊಡ್ಡ ಲಾಭ. ತಮ್ಮ ಮಕ್ಕಳ ಬಗ್ಗೆ ಬರೆದ ಒಂದು ಸಾಲನ್ನು ತಾಯಿ ತಂದೆ ವರ್ಷಗಟ್ಟಲೆ ಮರೆಯುವುದಿಲ್ಲ; ಕುರ್ಚಿಯ ಬಗ್ಗೆ ಬರೆದದ್ದಕ್ಕೆ ಯಾರಿಗೂ ನೋವಿಲ್ಲ.

ಡೈರಿಯಿಂದ ಇನ್ನೊಂದೂ ತಿಳಿಯುತ್ತದೆ: ಸದ್ದು ನಿಜವಾಗಿಯೂ ಮೇಲಿನಿಂದಲೇ ಬರುತ್ತಿದೆಯಾ ಎಂಬುದು. ಪೆಟ್ಟಿನ ಸದ್ದು ಸ್ಲ್ಯಾಬು, ಬೀಮು, ಗೋಡೆ ಹಿಡಿದು ಪಕ್ಕಕ್ಕೂ ಹರಿಯುತ್ತದೆ. ಒಂದೇ ಗೋಡೆ ಹಂಚಿಕೊಂಡ ಪಕ್ಕದ ಮನೆ ಇದ್ದರೆ, ಅಥವಾ ಸಂಪಿನ ಮೋಟರಿನ ಪೈಪು ನಿಮ್ಮ ಗೋಡೆಗೆ ಕ್ಲ್ಯಾಂಪ್ ಆಗಿದ್ದರೆ ಮೋಸಹೋಗಬಹುದು. ಮೇಲಿನ ಮನೆಯವರು ಊರಿಗೆ ಹೋದ ದಿನ ಅದೇ ಸದ್ದು ಕೇಳಿದರೆ ಸಂಶಯ ಬಗೆಹರಿಯಿತು. ಮೋಟರಿನ ಗುಂಯ್ ಆಗಿದ್ದರೆ ಅದು ಚೀಟಿಯ ವಿಷಯವೇ ಅಲ್ಲ, ಮನೆ ಓನರ್ ಹತ್ತಿರ ಕ್ಲ್ಯಾಂಪಿನ ಒಳಗೆ ರಬ್ಬರ್ ಪಟ್ಟಿ ಹಾಕಿಸಲು ಹೇಳುವುದು.

ತೊಟ್ಟಿಲ ಜಾಗವನ್ನೂ ಈ ವಾರವೇ ನೋಡಿಕೊಳ್ಳಿ. ಎರಡೂ ಮಹಡಿಯ ನಕ್ಷೆ ಒಂದೇ ಇರುವುದು ಸಾಮಾನ್ಯ. ನಿಮ್ಮ ಹಾಲಿನ ಮೇಲೆ ಅವರ ಹಾಲು, ರೂಮಿನ ಮೇಲೆ ರೂಮು. ತೊಟ್ಟಿಲು ಹಾಲಿನಲ್ಲಿದ್ದರೆ ಅದು ಅವರ ಊಟದ ಮೇಜಿನ ಕೆಳಗೇ ಇರಬಹುದು. ಎಂಟರಿಂದ ಒಂಬತ್ತೂವರೆಗೆ ಅವರು ಮಲಗುವ ರೂಮು ಖಾಲಿ ಇರುತ್ತದೆ, ಅದರ ಕೆಳಗಿನ ರೂಮಿಗೆ ಪಾಪುವನ್ನು ಸಾಗಿಸಿದರೆ ಅರ್ಧ ತೊಂದರೆ ಚೀಟಿಯಿಲ್ಲದೆ ಹೋದೀತು. ಆ ರೂಮಿನಲ್ಲಿ ಫ್ಯಾನು ಸಣ್ಣಗೆ ತಿರುಗುತ್ತಿದ್ದರೆ ಅದರ ಒಂದೇ ಸಮನಾದ ಸದ್ದು ತಟ್ಟನೆ ಬರುವ ಪೆಟ್ಟನ್ನು ಸ್ವಲ್ಪ ಮರೆಮಾಡುತ್ತದೆ. ಡಿಸೆಂಬರಿನ ಚಳಿಗೆ ಫ್ಯಾನು ಬೇಡವೆನಿಸಿದರೆ ಮೊಬೈಲಿನಲ್ಲಿ ಮಳೆ ಸದ್ದು ಹಾಕುವವರಿದ್ದಾರೆ. ಹಾಕುವುದಾದರೆ ತೊಟ್ಟಿಲಿನಿಂದ ಏಳು ಅಡಿಯಾದರೂ ದೂರ, ಪಕ್ಕದಲ್ಲಿ ನಿಂತು ಪಿಸುಮಾತು ಕೇಳುವಷ್ಟು ಸಣ್ಣಗೆ ಇಡಿ. ತೊಟ್ಟಿಲೊಳಗೆ ದಿಂಬಿನ ಪಕ್ಕ ಮೊಬೈಲ್ ಇಡುವುದು ಕಿವಿಗೆ ಒಳ್ಳೆಯದಲ್ಲ. ಮಗುವಿನ ಕಿವಿಗೆ ಹತ್ತಿ ತುರುಕಿ ಮಲಗಿಸುವುದಂತೂ ಬೇಡವೇ ಬೇಡ. ಹತ್ತಿ ಉದುರಿ ಬಾಯಿಗೆ ಹೋಗಬಹುದು.

ಕಾನೂನನ್ನು ಚೀಟಿಯಲ್ಲಿ ತರಬೇಕೋ ಎಂದು ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೇಡ, ತಂದರೂ ಅದು ನಿಮ್ಮ ಕಡೆ ನಿಲ್ಲುವುದಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಆದರೆ ಅಲ್ಲಿ ರಾತ್ರಿ ಎಂದರೆ ಹತ್ತರಿಂದ ಬೆಳಗ್ಗೆ ಆರು. ನಿಮ್ಮ ಎಂಟು ಗಂಟೆ ಕಾನೂನಿನ ಕಣ್ಣಿಗೆ ಹಗಲು. ಮೇಲಾಗಿ ಆ ನಿಯಮಗಳು ನೋಡುವುದು ಧ್ವನಿವರ್ಧಕ, ಪಟಾಕಿ, ಹಾರ್ನು, ಯಂತ್ರಗಳಂಥವನ್ನು. ಮನೆಯೊಳಗೆ ಕುರ್ಚಿ ಎಳೆದದ್ದನ್ನು ಹಿಡಿದು ಅಳೆಯಲು ಹೊರಟವರಿಲ್ಲ. ಮೊಬೈಲ್ ಆ್ಯಪಿನಲ್ಲಿ ಡೆಸಿಬಲ್ ಅಳೆದು ಚೀಟಿಗೆ ಅಂಟಿಸುವುದೂ ಅಷ್ಟೇ ವ್ಯರ್ಥ, ಓದಿದವರಿಗೆ 'ನಮ್ಮ ಮೇಲೆ ಕಾವಲು ಕೂತಿದ್ದಾರೆ' ಎನಿಸುತ್ತದೆ. ನೀವು ಕೇಳುತ್ತಿರುವುದು ಹಕ್ಕಲ್ಲ, ಉಪಕಾರ. ಆ ಧಾಟಿಯಲ್ಲೇ ಬರೆಯಬೇಕು.

ಪದಗಳ ವಿಷಯಕ್ಕೆ ಬರೋಣ. 'ಗಲಾಟೆ' ಎಂಬ ಮಾತು ಚೀಟಿಯಲ್ಲಿ ಎಲ್ಲೂ ಬರಬಾರದು. ಗಲಾಟೆ ಬೇಕೆಂದು ಮಾಡುವಂಥದ್ದು, ಸದ್ದು ತಾನಾಗಿ ಆಗುವಂಥದ್ದು. ಕನ್ನಡದಲ್ಲಿ ಈ ವ್ಯತ್ಯಾಸ ಎಲ್ಲರ ಕಿವಿಗೂ ತಿಳಿಯುತ್ತದೆ. 'ದಿನಾ', 'ಯಾವಾಗಲೂ', 'ಎಷ್ಟು ಸಲ ಹೇಳಿದರೂ' ಇವೂ ಬೇಡ. 'ದಯವಿಟ್ಟು ಸಹಕರಿಸಿ' ಎಂಬುದು ಬಸ್‌ಸ್ಟ್ಯಾಂಡಿನ ಬೋರ್ಡು, ಮನೆಯಿಂದ ಮನೆಗೆ ಬರೆಯುವ ಮಾತಲ್ಲ. 'ಡಾಕ್ಟರ್ ಹೇಳಿದ್ದಾರೆ' ಎಂದು ಅಧಿಕಾರ ತರುವುದು, 'ಮಗುವಿಗೆ ಏನಾದರೂ ಆದರೆ' ಎಂದು ಹೆದರಿಸುವುದು ಎರಡೂ ಬಾಗಿಲು ಮುಚ್ಚಿಸುತ್ತವೆ. 'ತಾವು' ಎಂದು ಬರೆದರೆ ಕಚೇರಿಯ ಪತ್ರವಾಗುತ್ತದೆ, 'ನೀವು' ಸಾಕು. ಸಂಬೋಧನೆಗೆ ಮೆಟ್ಟಿಲಲ್ಲಿ ಸಿಕ್ಕಾಗ ಏನೆಂದು ಕರೆಯುತ್ತೀರೋ ಅದನ್ನೇ ಬಳಸಿ. ಇಷ್ಟು ದಿನ ಅಕ್ಕ ಎಂದು ಕರೆದವರನ್ನು ಚೀಟಿಯಲ್ಲಿ 'ಮಾನ್ಯರೇ' ಎಂದರೆ ಅಲ್ಲೇ ಜಗಳದ ವಾಸನೆ ಬರುತ್ತದೆ.

ಮೇಲಿನ ಡೈರಿಯ ಲೆಕ್ಕಕ್ಕೆ ಹೊಂದುವ ಚೀಟಿ ಹೀಗಿರಬಹುದು:

ನಮಸ್ಕಾರ ಅಕ್ಕ, ನಮಸ್ಕಾರ ಸರ್,

ಕೆಳಗಿನ ಮನೆಯಿಂದ ಬರೆಯುತ್ತಿದ್ದೇವೆ. ಬಂದು ಮಾತಾಡೋಣ ಅಂದರೆ ನೀವು ಮನೆಗೆ ಬರುವ ಹೊತ್ತಿಗೆ ನಾವು ಪಾಪು ಮಲಗಿಸುವ ಗಡಿಬಿಡಿಯಲ್ಲಿರುತ್ತೇವೆ, ಅದಕ್ಕೆ ಈ ಚೀಟಿ.

ಪಾಪುಗೆ ಈಗ ಎರಡೂವರೆ ತಿಂಗಳು. ರಾತ್ರಿ ಎಂಟಕ್ಕೆ ಮಲಗಿಸುತ್ತೇವೆ. ನಿದ್ದೆ ಗಟ್ಟಿಯಾಗುವ ತನಕ, ಅಂದರೆ ಸುಮಾರು ಒಂಬತ್ತೂವರೆವರೆಗೆ, ಸಣ್ಣ ಸದ್ದಿಗೂ ಬೆಚ್ಚಿ ಏಳುತ್ತೆ. ಊಟದ ಮೇಜಿನ ಕುರ್ಚಿ ಸರಿಸುವ ಸದ್ದು ಮೇಲೆ ನಿಮಗೆ ಗೊತ್ತೂ ಆಗುವುದಿಲ್ಲವೇನೋ, ಸ್ಲ್ಯಾಬಿನ ಮೂಲಕ ಕೆಳಗೆ ಜೋರಾಗಿ ಇಳಿಯುತ್ತೆ. ಗ್ರೈಂಡರ್ ಸದ್ದೂ ಹಾಗೇ.

ಎಂಟರಿಂದ ಒಂಬತ್ತೂವರೆ ತನಕ ಕುರ್ಚಿ ಎಳೆಯದೆ ಎತ್ತಿ ಇಡೋಕೆ, ಹಿಟ್ಟು ರುಬ್ಬುವುದಿದ್ದರೆ ಎಂಟರೊಳಗೆ ಮುಗಿಸೋಕೆ ಆಗುತ್ತಾ ಅಕ್ಕ? ಕುರ್ಚಿ ಕಾಲಿಗೆ ರಬ್ಬರ್ ಬುಷ್ ಹಾಕಿದರೆ ಎತ್ತುವ ತೊಂದರೆಯೂ ಇರುವುದಿಲ್ಲ. ಅಳತೆ ಹೇಳಿದರೆ ನಾವೇ ತಂದುಕೊಡುತ್ತೇವೆ. ಹಬ್ಬದ ದಿನ, ನೆಂಟರು ಬಂದ ದಿನ ಇದನ್ನೆಲ್ಲ ಮನಸ್ಸಿಗೆ ಹಾಕಿಕೊಳ್ಳಬೇಡಿ.

ಯುಗಾದಿ ಹೊತ್ತಿಗೆ ಪಾಪುಗೆ ಆರು ತಿಂಗಳಾಗುತ್ತೆ, ಈ ಬೆಚ್ಚೋದು ಅಷ್ಟರಲ್ಲಿ ಕಮ್ಮಿಯಾಗುತ್ತೆ. ಅಲ್ಲಿವರೆಗೆ ಸಾಕು.

ರಾತ್ರಿ ಪಾಪು ಅಳುವುದು ನಿಮಗೂ ಕೇಳಿಸುತ್ತಿರಬಹುದು. ನಮ್ಮಿಂದ ಏನಾದರೂ ತೊಂದರೆ ಆಗುತ್ತಿದ್ದರೆ ಸಂಕೋಚ ಇಲ್ಲದೆ ಹೇಳಿ.

ಕೆಳಗಿನ ಮನೆಯವರು

ಅರ್ಧ ಪುಟಕ್ಕಿಂತ ಹೆಚ್ಚಾಗಲಿಲ್ಲ ನೋಡಿ. ಕೇಳಿದ್ದು ಎರಡೇ: ಕುರ್ಚಿ, ಗ್ರೈಂಡರ್. ಮೂರನೆಯದನ್ನು ಸೇರಿಸಿದರೆ ಅದು ಪಟ್ಟಿಯಾಗುತ್ತದೆ, ಪಟ್ಟಿ ಕಂಡರೆ ಯಾರಿಗಾದರೂ ಮೊದಲು ಬರುವುದು ಸಿಟ್ಟು. ಅವರಿಗೆ ಗೊತ್ತಾಗುವುದಿಲ್ಲವೇನೋ ಎಂಬ ಮಾತು ಅವರ ಮರ್ಯಾದೆ ಉಳಿಸುತ್ತದೆ, ಅದು ನಿಜವೂ ಹೌದು. 'ಆಗುತ್ತಾ?' ಎಂಬ ಪ್ರಶ್ನೆ ಅವರಿಗೆ ಆಗದು ಎನ್ನುವ ದಾರಿ ಬಿಡುತ್ತದೆ. ಆ ದಾರಿ ಇದ್ದಾಗಲೇ ಜನ ಆಗಲಿ ಎನ್ನುವುದು ಹೆಚ್ಚು. ಹಬ್ಬದ ವಿನಾಯಿತಿಯನ್ನು ನೀವೇ ಮುಂದಾಗಿ ಕೊಡಿ. ಹಾಸನಾಂಬೆ ದರ್ಶನದ ದಿನಗಳಲ್ಲಿ ಹಾಸನದ ಯಾವ ಮನೆಯಲ್ಲಿ ನೆಂಟರಿಲ್ಲ, ಯಾವ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಚಾಪೆ ಹಾಸುವುದಿಲ್ಲ? ಈ ವರ್ಷದ್ದು ಮುಗಿಯಿತು, ಆದರೂ ಆ ಸಾಲು ಚೀಟಿಯ ಬಿಗಿಯನ್ನು ಸಡಿಲಿಸುತ್ತದೆ. ಗ್ರೈಂಡರಿಗೆ ಕರೆಂಟಿನ ಮರ್ಜಿಯೂ ಇದೆ ಎಂದು ನೆನಪಿರಲಿ: ಸಂಜೆ ಒಂದು ಗಂಟೆ ಕರೆಂಟ್ ಹೋದ ದಿನ ಅವರು ಎಂಟೂವರೆಗೆ ರುಬ್ಬಿದರೆ ಅದು ಮಾತು ತಪ್ಪಿದ್ದಲ್ಲ.

ಕೈಬರಹದಲ್ಲಿ ಬರೆಯಿರಿ. ಟೈಪು ಮಾಡಿಸಿ ಪ್ರಿಂಟು ತೆಗೆದದ್ದು ನೋಟಿಸಿನಂತೆ ಕಾಣುತ್ತದೆ. ಚೀಟಿಯನ್ನು ಬಾಗಿಲಿಗೆ ಅಂಟಿಸುವುದು, ಅವರ ಮಕ್ಕಳ ಕೈಗೆ ಕೊಡುವುದು, ಓನರ್ ಮೂಲಕ ತಲುಪಿಸುವುದು, ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಹಾಕುವುದು ನಾಲ್ಕೂ ಬೇಡ. ಓನರ್ ಕಿವಿಗೆ ಬಿದ್ದರೆ ಬಾಡಿಗೆದಾರರಿಗೆ ಮೊದಲು ಬರುವ ಯೋಚನೆ ಮನೆ ಖಾಲಿ ಮಾಡಿಸುತ್ತಾರೇನೋ ಎಂಬುದು. ಭಾನುವಾರ ಬೆಳಗ್ಗೆ ಹತ್ತರ ಮೇಲೆ, ತಿಂಡಿ ಮುಗಿದ ಹೊತ್ತಿಗೆ, ನೀವೇ ಪಾಪುವನ್ನು ಎತ್ತಿಕೊಂಡು ಹೋಗಿ. ಬಾಣಂತಿ ಮೆಟ್ಟಿಲು ಹತ್ತುವುದಕ್ಕೆ ಮನೆಯ ಹಿರಿಯರು ಒಪ್ಪದಿದ್ದರೆ ಅತ್ತೆಯೋ ಅಮ್ಮನೋ ಹೋಗಲಿ. ಹಿಂದೆ ಮೆಟ್ಟಿಲಲ್ಲಿ ಮಾತಾಡಿದ ಯಜಮಾನರು ಈ ಸಲ ಬೇಡ. ಹಳೆಯ ಮಾತು ಮತ್ತೆ ತೆರೆದುಕೊಳ್ಳುತ್ತದೆ. 'ಪಾಪು ವಿಷಯಕ್ಕೆ ಒಂದೆರಡು ಸಾಲು ಬರೆದಿದ್ದೀವಿ ಅಕ್ಕ, ಪುರುಸೊತ್ತಾದಾಗ ನೋಡಿ' ಎಂದಷ್ಟೇ ಹೇಳಿ ಕೆಳಗಿಳಿಯಿರಿ. ನಿಂತಲ್ಲೇ ಓದಿಸಬೇಡಿ. ಚೀಟಿಯ ಜೊತೆ ಸಿಹಿ ಡಬ್ಬಿ ಕೊಡುವ ಆಸೆಯಾದರೆ ತಡೆದುಕೊಳ್ಳಿ, ಒಂದೇ ಕೈಯಲ್ಲಿ ಎರಡೂ ಕೊಟ್ಟರೆ ಲಂಚದಂತಾಗುತ್ತದೆ. ಅದಕ್ಕೆ ಸಂಕ್ರಾಂತಿ ಬರುತ್ತಿದೆ. ಎಳ್ಳುಬೆಲ್ಲದ ತಟ್ಟೆಯಲ್ಲಿ ಸಕ್ಕರೆ ಅಚ್ಚು ಎರಡು ಹೆಚ್ಚಿಗೆ ಇಟ್ಟು ಕೊಟ್ಟು ಬನ್ನಿ.

ಬುಷ್ ತರುವ ಮಾತು ಕೊಟ್ಟಿದ್ದೀರಲ್ಲ, ಅದರ ವಿವರ ತಿಳಿದಿರಲಿ. ಕಬ್ಬಿಣ ಅಥವಾ ಸ್ಟೀಲ್ ಪೈಪಿನ ಕಾಲಾದರೆ ಹೊರಗಿನಿಂದ ಟೋಪಿಯ ಹಾಗೆ ತೊಡಿಸುವ ರಬ್ಬರ್ ಬುಷ್ ಬೇಕು. ಪೈಪು ಸಾಮಾನ್ಯವಾಗಿ ಮುಕ್ಕಾಲು ಇಂಚು ಅಥವಾ ಒಂದು ಇಂಚು. ದುಂಡೋ ಚೌಕವೋ ಎಂದೂ ಕೇಳಿಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪಿನೊಳಗೆ ತೂರಿಸುವ ಪ್ಲಾಸ್ಟಿಕ್ ಮುಚ್ಚಳವನ್ನೂ ಬುಷ್ ಎಂದೇ ಕೊಡುತ್ತಾರೆ, ಅದು ಗಟ್ಟಿ, ಸದ್ದು ಅಷ್ಟೇನೂ ಕಮ್ಮಿಯಾಗದು. ಉಗುರು ಒತ್ತಿದರೆ ತಗ್ಗು ಬೀಳುವ ಮೆತ್ತನೆಯ ರಬ್ಬರನ್ನೇ ಕೇಳಿ. ಮರದ ಕುರ್ಚಿಗೆ ಅಂಟಿಸುವ ಫೆಲ್ಟ್ ಬಿಲ್ಲೆ ಬರುತ್ತದೆ. ಕಾಲಿನ ತಳವನ್ನು ಒಣಬಟ್ಟೆಯಲ್ಲಿ ಒರೆಸಿ ಅಂಟಿಸಿ ಒಂದು ರಾತ್ರಿ ಕುರ್ಚಿಯನ್ನು ತಲೆಕೆಳಗಾಗಿ ಬಿಡಬೇಕು. ಇಲ್ಲದಿದ್ದರೆ ಮಾರನೇ ದಿನ ನೆಲ ಒರೆಸುವಾಗಲೇ ಕಿತ್ತುಬರುತ್ತದೆ. ಆರು ಕುರ್ಚಿಗೆ ಇಪ್ಪತ್ತನಾಲ್ಕು, ಜೊತೆಗೆ ನಾಲ್ಕು ಹೆಚ್ಚಿಗೆ ತನ್ನಿ. ಒಂದೇ ಕಾಲಿಗೆ ಬಿಟ್ಟುಹೋದರೂ ಕುರ್ಚಿ ಕುಂಟುತ್ತದೆ, ಆಮೇಲೆ ಅವರೇ ಎಲ್ಲವನ್ನೂ ಕಿತ್ತುಹಾಕುತ್ತಾರೆ.

ಗ್ರೈಂಡರ್ ಎಂಟರೊಳಗೆ ಮುಗಿಸಲು ಆಗದು ಎಂದರೆ ಅದಕ್ಕೂ ದಾರಿಯಿದೆ. ಅದನ್ನು ನೆಲದ ಮೇಲಿಟ್ಟು ರುಬ್ಬುತ್ತಿದ್ದರೆ ಸುಮಾರು ಅರ್ಧ ಇಂಚು ದಪ್ಪದ ರಬ್ಬರ್ ಶೀಟಿನ ತುಂಡು ಕೆಳಗೆ ಹಾಸಬಹುದು. ಮಡಿಸಿದ ಜಮಖಾನ, ಟವೆಲು ಹಾಕಿಸಬೇಡಿ. ಕಲ್ಲು ತಿರುಗುವಾಗ ಗ್ರೈಂಡರ್ ವಾಲಾಡಿ ಜರುಗುತ್ತದೆ, ಅದು ಅಪಾಯ. ಇದನ್ನು ಚೀಟಿಯಲ್ಲಿ ಬರೆಯದೆ, ಮಾತು ಬಂದಾಗ ಬಾಯಲ್ಲಿ ಹೇಳಿದರೆ ಸಾಕು.

ಚೀಟಿ ಕೊಟ್ಟ ಮೇಲೆ ನಾಲ್ಕೈದು ದಿನ ಸುಮ್ಮನಿರಿ, ಡೈರಿ ಮಾತ್ರ ಮುಂದುವರಿಯಲಿ. ಐದರಲ್ಲಿ ಮೂರು ರಾತ್ರಿ ಕುರ್ಚಿ ಸದ್ದು ಕೇಳದಿದ್ದರೆ ಚೀಟಿ ಕೆಲಸ ಮಾಡಿದೆ ಎಂದೇ ಲೆಕ್ಕ. ಉಳಿದ ಎರಡು ರಾತ್ರಿಯನ್ನು ಎತ್ತಬೇಡಿ. ಮೆಟ್ಟಿಲಲ್ಲಿ ಸಿಕ್ಕಾಗ 'ಈ ವಾರ ಪಾಪು ಚೆನ್ನಾಗಿ ಮಲಗಿತು ಅಕ್ಕ, ತುಂಬ ಉಪಕಾರ ಆಯ್ತು' ಎಂದು ಹೇಳಿ. ಇದನ್ನು ಹೇಳದೆ ಬಿಡುವುದೇ ಇಂಥ ಚೀಟಿಗಳಲ್ಲಿ ಆಗುವ ದೊಡ್ಡ ತಪ್ಪು. ತಾವು ಮಾಡುತ್ತಿರುವುದು ಕೆಳಗೆ ಮುಟ್ಟುತ್ತಿದೆಯೋ ಇಲ್ಲವೋ ಮೇಲಿನವರಿಗೆ ತಿಳಿಯುವ ಬೇರೆ ದಾರಿಯೇ ಇಲ್ಲ, ಎರಡು ವಾರಕ್ಕೆ ಬೇಸತ್ತು ಬಿಟ್ಟುಬಿಡುತ್ತಾರೆ.

ಹದಿನೈದು ದಿನವಾದರೂ ಏನೂ ಬದಲಾಗದಿದ್ದರೆ ಎರಡನೇ ಚೀಟಿ ಬರೆಯಬೇಡಿ. ಎರಡನೆಯದು ಎಷ್ಟೇ ಮೆತ್ತಗಿದ್ದರೂ ದೂರಾಗಿಯೇ ಓದಿಸಿಕೊಳ್ಳುತ್ತದೆ. ಈ ಸಲ ಅಕ್ಕನನ್ನೇ ಎಂಟೂಕಾಲಿಗೆ ಐದು ನಿಮಿಷ ಕೆಳಗೆ ಕರೆಯಿರಿ, ಕಾಫಿಗೆ ಎಂದೇ ಕರೆಯಿರಿ. ಮೇಲೆ ಮನೆಯವರು ಊಟಕ್ಕೆ ಕೂರುವ ಹೊತ್ತು. ಕುರ್ಚಿಯ ಸದ್ದು ನಿಮ್ಮ ಹಾಲಿನಲ್ಲಿ ಹೇಗೆ ಇಳಿಯುತ್ತದೆಂದು ಅವರ ಕಿವಿಗೇ ಬೀಳಲಿ, ನೀವು ಏನೂ ಹೇಳುವುದು ಬೇಡ. ಅದೂ ಆಗದಿದ್ದರೆ ಮಗುವಿನ ಹೊತ್ತನ್ನೇ ಸ್ವಲ್ಪ ಜರುಗಿಸಿ ನೋಡಬಹುದು. ದಿನಕ್ಕೆ ಹತ್ತು ಹದಿನೈದು ನಿಮಿಷದಂತೆ ಹಿಂದಕ್ಕೆ ತಂದು ಏಳೂಕಾಲಿಗೆ ಮಲಗಿಸಿದರೆ, ಅವರು ಎಂಟೂಕಾಲಿಗೆ ಊಟಕ್ಕೆ ಕೂರುವ ಹೊತ್ತಿಗೆ ಪಾಪು ಮೊದಲ ಸುತ್ತು ಮುಗಿಸಿರುತ್ತದೆ; ಆದರೆ ಎರಡನೇ ಸುತ್ತಿನ ಹಗುರ ನಿದ್ದೆ ಸರಿಯಾಗಿ ಕುರ್ಚಿಯ ಹೊತ್ತಿಗೇ ಬೀಳುತ್ತದೆ. ಹಾಗಾಗಿ ಏಳೂಕಾಲಕ್ಕಿಂತ ಏಳೂ ಮುಕ್ಕಾಲು ವಾಸಿ: ಎಂಟೂಕಾಲಿಗೆ ಗಟ್ಟಿ ನಿದ್ದೆ, ಎಂಟೂ ಮುಕ್ಕಾಲಕ್ಕೆ ಅವರ ಊಟ ಮುಗಿಯುತ್ತಾ ಬಂದಿರುತ್ತದೆ.

ಇನ್ನೊಂದು ಸಂಗತಿ ಮುಂದಕ್ಕೆ. ಜನವರಿ ತನಕ ಚೆನ್ನಾಗಿದ್ದು ಫೆಬ್ರವರಿಯಲ್ಲಿ ಕುರ್ಚಿ ಸದ್ದು ಮತ್ತೆ ಕೇಳಿಸತೊಡಗಿದರೆ ಅವರು ಮರೆತರು ಎಂದುಕೊಳ್ಳಬೇಡಿ. ಕಬ್ಬಿಣದ ಪೈಪಿನ ಅಂಚು ಒಳಗಿನಿಂದ ರಬ್ಬರನ್ನು ಕೊರೆದು ತಳ ತೂತಾಗಿರುತ್ತದೆ, ಪೈಪು ಟೈಲಿಗೆ ತಾಗುತ್ತಿರುತ್ತದೆ. ಆಗ ಆ ಹೆಚ್ಚಿಗೆ ತಂದ ನಾಲ್ಕು ಬುಷ್ ತೆಗೆದುಕೊಂಡು ಮೇಲೆ ಹೋಗಿ, ಹಾಕುವ ಮೊದಲು ಒಳಗೆ ಒಂದೊಂದು ಹಳೆ ನಾಣ್ಯ ಇಟ್ಟು ತೊಡಿಸಿ. ನಾಣ್ಯ ಅಂಚನ್ನು ತಡೆಯುತ್ತದೆ, ಯುಗಾದಿ ದಾಟಿಯೂ ಬಾಳುತ್ತದೆ.